ಕೈಗೆ ಬರೋದು 25,800 ಅಂತ ಗಂಡ ಅಂದ್ರೆ ಜೀವನಾಂಶ ಎಷ್ಟು?

ಪ್ರಶ್ನೆ: "ಸರ್, ನಾನು ದಾವಣಗೆರೆಯವಳು, 34 ವರ್ಷ, ಬಿ.ಎಸ್ಸಿ., ಬಿ.ಎಡ್. ಓದಿದ್ದೇನೆ. ಗಂಡ ಚಿತ್ರದುರ್ಗದಲ್ಲಿ ಸರ್ಕಾರಿ ನೌಕರ. ಮನೆ ಕಟ್ಟೋಕೆ ತವರಿಂದ ದುಡ್ಡು ತಾ ಅಂತ ಜಗಳ, ಹೊಡೆತ. ಎಂಟು ವರ್ಷದ ಮಗಳನ್ನು ಕರ್ಕೊಂಡು ತವರಿಗೆ ಬಂದು ಒಂದೂವರೆ ವರ್ಷ ಆಯ್ತು. ಟ್ಯೂಷನ್ ಹೇಳಿ ತಿಂಗಳಿಗೆ 6 ಸಾವಿರ ದುಡಿಯುತ್ತೇನೆ. ಅವರ ಸಂಬಳ 62 ಸಾವಿರ. ಕಟಾವಣೆ ಹೋಗಿ ಕೈಗೆ 25,800 ಬರೋದು, ಅಪ್ಪ ಅಮ್ಮನ್ನ ಬೇರೆ ನೋಡ್ಕೋಬೇಕು, ಬಿ.ಎಡ್. ಮಾಡಿದ್ದೀಯ ನೀನೇ ದುಡ್ಕೋ ಅಂತಾರೆ. ಮಾವನ ಹೆಸರಲ್ಲಿ ಹೊಳಲ್ಕೆರೆ ಹತ್ತಿರ ಎರಡು ಎಕರೆ ಅಡಿಕೆ ತೋಟ ಇದೆ. ಮೈದುನ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ನಾದಿನಿ ಟೀಚರ್. ನಮ್ಮ ಸಂಬಂಧಿಕರು 25 ಪರ್ಸೆಂಟ್ ಗ್ಯಾರಂಟಿ ಸಿಗುತ್ತೆ ಅಂತಾರೆ. ಪಕ್ಕದ ಮನೆಯವರು ನೀನಾಗೇ ಮನೆ ಬಿಟ್ಟು ಬಂದಿದ್ದೀಯ, ಏನೂ ಸಿಗಲ್ಲ ಅಂತಾರೆ. ಹಿರಿಯರು 'ಇಬ್ಬರೂ ಒಪ್ಪಿ ಬೇರೆ ಇದ್ದೀವಿ' ಅಂತ ಬಾಂಡ್ ಪೇಪರ್‌ಗೆ ಸಹಿ ಹಾಕು ಅಂತಿದ್ದಾರೆ. ಏನ್ಮಾಡಲಿ? ಆದೇಶ ಆದ ಮೇಲೂ ಅವರು ಕೊಡದಿದ್ರೆ?"

ಉತ್ತರ: ಉಳಿದದ್ದೆಲ್ಲ ಆಮೇಲೆ. ಮೊದಲು, ಆ ಬಾಂಡ್ ಪೇಪರ್‌ಗೆ ಸಹಿ ಹಾಕಬೇಡಿ.

ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ, ಅದು ನನಗೂ ಗೊತ್ತು. ನಮ್ಮ ಕಡೆ ಸಂಸಾರದ ಜಗಳ ಕೋರ್ಟಿಗೆ ಹೋಗುವ ಮುಂಚೆ ಹಿರಿಯರ ಮುಂದೆ ಹೋಗುತ್ತದೆ. ಸಿರಿಗೆರೆಯ ಸದ್ಧರ್ಮ ನ್ಯಾಯಪೀಠಕ್ಕೆ ಹೋಗಿ ಬಗೆಹರಿಸಿಕೊಂಡು ಬರುವವರೂ ಇದ್ದಾರೆ. ಮಾತುಕತೆ ಒಳ್ಳೆಯದೇ. ಆದರೆ ನಿಮ್ಮ ಮುಂದೆ ಇಟ್ಟಿರುವ ಆ ಒಂದು ವಾಕ್ಯ, 'ಇಬ್ಬರೂ ಒಪ್ಪಿ ಬೇರೆ ಇದ್ದೀವಿ' ಅನ್ನುವುದು, ಕಾನೂನಿನ ಕಣ್ಣಲ್ಲಿ ಬಹಳ ಭಾರದ್ದು. ಜೀವನಾಂಶದ ಕಾನೂನಿನಲ್ಲಿ ಹೆಂಡತಿಗೆ ಹಕ್ಕು ತಪ್ಪುವ ಸಂದರ್ಭಗಳು ಮೂರೇ. ಆಕೆ ಪರಸಂಗದಲ್ಲಿ ಬದುಕುತ್ತಿರುವುದು ಒಂದು. ಸರಿಯಾದ ಕಾರಣ ಇಲ್ಲದೆ ಗಂಡನ ಜೊತೆ ಇರಲು ಒಪ್ಪದಿರುವುದು ಇನ್ನೊಂದು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆ ಬದುಕುತ್ತಿರುವುದು ಮೂರನೆಯದು. ಆ ಮೂರನೆಯ ಕಾರಣಕ್ಕೆ ನೀವೇ ಕೈಯಾರೆ ಸಾಕ್ಷಿ ಬರೆದುಕೊಟ್ಟ ಹಾಗಾಗುತ್ತದೆ. ಆಮೇಲೆ 'ಹೊಡೆತ ತಡೆಯಲಾಗದೆ ಬಂದೆ' ಅಂತ ಕೋರ್ಟಿನಲ್ಲಿ ಹೇಳಿದರೆ, ಎದುರು ವಕೀಲರು ಮೊದಲು ತೋರಿಸುವುದೇ ಆ ಕಾಗದ.

ಇಂಥ ಕಾಗದಗಳಲ್ಲಿ 'ಮುಂದೆ ಜೀವನಾಂಶ ಕೇಳುವುದಿಲ್ಲ' ಅಂತ ಇನ್ನೊಂದು ಸಾಲನ್ನೂ ಸೇರಿಸುತ್ತಾರೆ. ಆ ಸಾಲಿಗೆ ಅಷ್ಟು ಹೆದರಬೇಕಿಲ್ಲ. ಹಕ್ಕನ್ನು ಹಾಗೆ ಬರೆದುಕೊಟ್ಟರೂ ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮಗಳ ಹಕ್ಕನ್ನಂತೂ ತಾಯಿ ಬಿಟ್ಟುಕೊಡಲು ಬರುವುದೇ ಇಲ್ಲ, ಅದು ಮಗುವಿನದು. ಹೆದರಬೇಕಾಗಿರುವುದು 'ಒಪ್ಪಿ ಬೇರೆ ಇದ್ದೀವಿ' ಅನ್ನುವ ಸಾಲಿಗೆ. ಹಿರಿಯರಿಗೆ ನಯವಾಗಿ ಹೇಳಿ: ರಾಜಿ ಆಗುವುದಾದರೆ ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲೇ ಆಗಲಿ, ತಿಂಗಳಿಗೆ ಎಷ್ಟು, ಯಾವ ತಾರೀಕಿಗೆ, ಯಾವ ಖಾತೆಗೆ ಅಂತ ಆದೇಶದಲ್ಲೇ ಬರಲಿ.

ಇನ್ನು ಪಕ್ಕದ ಮನೆಯವರ ಮಾತು. ಮನೆ ಬಿಟ್ಟು ಬಂದರೆ ಏನೂ ಸಿಗಲ್ಲ ಅನ್ನುವುದು ಅರ್ಧ ಸತ್ಯ. ಸರಿಯಾದ ಕಾರಣ ಇಲ್ಲದೆ ಬಂದಿದ್ದರೆ ಮಾತ್ರ ಆ ಮಾತು ನಿಲ್ಲುತ್ತದೆ. ಹೊಡೆತ, ದುಡ್ಡಿಗಾಗಿ ಪೀಡಿಸುವುದು ಇವೆಲ್ಲ ಸರಿಯಾದ ಕಾರಣಗಳೇ. ನಿಮ್ಮ ಗಂಡ 'ಹೆಂಡತಿ ವಾಪಸ್ ಬರಲಿ' ಅಂತ ಹಿಂದೂ ವಿವಾಹ ಕಾಯ್ದೆಯ 9ನೇ ಸೆಕ್ಷನ್ ಕೆಳಗೆ ಕೇಸ್ ಹಾಕಬಹುದು, ಬಹಳ ಜನ ಹಾಕುತ್ತಾರೆ. ಅದರಲ್ಲಿ ಅವರ ಪರ ಡಿಕ್ರಿ ಆದರೂ ಅಷ್ಟರಿಂದಲೇ ಜೀವನಾಂಶ ತಪ್ಪುವುದಿಲ್ಲ, ಆಕೆ ಯಾಕೆ ಹೋಗಲಿಲ್ಲ ಅಂತ ನೋಡಬೇಕು ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ಕೇಸಿನ ನೋಟಿಸ್ ಬಂದರೆ ಸುಮ್ನೆ ಕೂರಬೇಡಿ. ಹಾಜರಾಗಿ ಉತ್ತರ ಹಾಕಲೇಬೇಕು.

ನಿಮ್ಮ ಕಾರಣಕ್ಕೆ ಈಗಲೇ ಆಧಾರ ಕೂಡಿಸಿ. ಪೆಟ್ಟು ಬಿದ್ದಾಗ ಆಸ್ಪತ್ರೆಗೆ ಹೋಗಿದ್ದರೆ ಆ ಚೀಟಿ, ದುಡ್ಡು ಕೇಳಿ ಅವರು ಕಳಿಸಿದ ವಾಟ್ಸಾಪ್ ಮೆಸೇಜ್, ನಿಮ್ಮ ಅಪ್ಪನ ಖಾತೆಯಿಂದ ಹಿಂದೆ ಕೊಟ್ಟ ಹಣದ ದಾಖಲೆ, ಪಂಚಾಯಿತಿಗೆ ಕೂತಿದ್ದ ಒಬ್ಬಿಬ್ಬರು ಸಾಕ್ಷಿ ಹೇಳಲು ಒಪ್ಪುವುದು. ಮೆಸೇಜ್ ಇರುವ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ.

ಈಗ ಮೊತ್ತದ ವಿಷಯಕ್ಕೆ ಬರೋಣ. 25 ಪರ್ಸೆಂಟ್ ಅನ್ನುವ ಲೆಕ್ಕ ಎಲ್ಲಿಂದ ಬಂತು ಅಂದರೆ 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅದರಲ್ಲಿ ಗಂಡನ ನಿವ್ವಳ ಸಂಬಳದ ಶೇಕಡಾ 25 ಹೆಂಡತಿಗೆ ಕೊಡುವುದು ನ್ಯಾಯವಾಗಿರುತ್ತದೆ ಅಂತ ಕೋರ್ಟ್ ಹೇಳಿತ್ತು. ಜನ ಅಷ್ಟನ್ನೇ ಹಿಡಿದುಕೊಂಡರು. ಅದೇ ಕೇಸಿನಲ್ಲಿ ಗಂಡನ ಕೈಗೆ 95,527 ರೂಪಾಯಿ ಬರುತ್ತಿತ್ತು, ಹೈಕೋರ್ಟ್ 23 ಸಾವಿರ ಕೊಟ್ಟಿತ್ತು, ಆದರೆ ಸುಪ್ರೀಂ ಕೋರ್ಟ್ ಕೊನೆಗೆ 20 ಸಾವಿರಕ್ಕೆ ಇಳಿಸಿತು. ಯಾಕೆಂದರೆ ಅವರಿಗೆ ಇನ್ನೊಂದು ಮದುವೆಯಾಗಿ ಆ ಸಂಸಾರವೂ ಇತ್ತು. ಅಂದರೆ ಆ ಲೆಕ್ಕ ಹೇಳಿದ ತೀರ್ಪಿನಲ್ಲೇ ಸರಿಯಾಗಿ 25 ಪರ್ಸೆಂಟ್ ಸಿಗಲಿಲ್ಲ. ಯಾವ ಕಾಯ್ದೆಯಲ್ಲೂ ಶೇಕಡಾವಾರು ಬರೆದಿಲ್ಲ. ಗ್ಯಾರಂಟಿ ಅನ್ನುವವರ ಮಾತು ನಂಬಿ ಬಂದರೆ ನಿರಾಸೆಯಾಗುತ್ತದೆ.

ನ್ಯಾಯಾಧೀಶರು ನಿಜವಾಗಿ ನೋಡುವುದು ನಾಲ್ಕು ಸಂಗತಿ. ಗಂಡನ ನಿಜವಾದ ಆದಾಯ ಎಷ್ಟು, ಹೆಂಡತಿ ಮಗುವಿನ ಖರ್ಚು ಎಷ್ಟು, ಹೆಂಡತಿಗೆ ಸ್ವಂತ ಆದಾಯ ಎಷ್ಟು, ಗಂಡನ ಮೇಲೆ ಬೇರೆ ಯಾರ ಹೊಣೆ ಇದೆ. ಹೆಂಡತಿ ಗಂಡನ ಮನೆಯಲ್ಲಿ ಹೇಗೆ ಬದುಕುತ್ತಿದ್ದಳೋ ಸುಮಾರು ಅದೇ ಮಟ್ಟದಲ್ಲಿ ಬದುಕಬೇಕು ಅನ್ನುವುದು ಇದರ ಹಿಂದಿನ ಯೋಚನೆ. ನಿಮ್ಮ ಕೇಸಿನಲ್ಲಿ ಜಗಳ ಆಗುವುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ.

ಸ್ಯಾಲರಿ ಸ್ಲಿಪ್ ಎದುರಿಗಿಟ್ಟುಕೊಳ್ಳಿ. ನಿಮ್ಮ ಪತ್ರದಲ್ಲಿ ಕಟಾವಣೆಯ ವಿವರ ಇಲ್ಲ. ಇಷ್ಟು ಸಂಬಳದ ಸರ್ಕಾರಿ ನೌಕರರ ಸ್ಲಿಪ್ ಸಾಮಾನ್ಯವಾಗಿ ಹೇಗಿರುತ್ತದೋ ಹಾಗೆ ಅಂದಾಜಿಗೆ ಬರೆಯುತ್ತೇನೆ, ನಿಮ್ಮ ಅಂಕಿ ಹಾಕಿ ತಿದ್ದಿಕೊಳ್ಳಿ. ಒಟ್ಟು 62,000. ವೃತ್ತಿ ತೆರಿಗೆ 200. ಪಿಂಚಣಿಯ ಎನ್‌ಪಿಎಸ್ 5,000. ಸರ್ಕಾರಿ ನೌಕರರ ವಿಮೆ ಕೆಜಿಐಡಿ 3,000. ಎಲ್‌ಐಸಿ 4,000. ಸೊಸೈಟಿ ಸಾಲದ ಕಂತು 9,000. ಬ್ಯಾಂಕಿನ ಪರ್ಸನಲ್ ಲೋನ್ 15,000. ಕೈಗೆ 25,800.

ಇದರಲ್ಲಿ ಕೋರ್ಟ್ ಒಪ್ಪುವ ಕಟಾವಣೆ ಯಾವುದು? ತೆರಿಗೆ ಕಳೆಯಲೇಬೇಕು. ಎನ್‌ಪಿಎಸ್, ಕೆಜಿಐಡಿ ಬೇಡ ಅಂದರೂ ನೌಕರ ತಪ್ಪಿಸಿಕೊಳ್ಳಲಾಗದ್ದು. ಕೆಲವು ನ್ಯಾಯಾಧೀಶರು ಅವನ್ನು ಕಳೆಯುತ್ತಾರೆ, ಕೆಲವರು ಅವೂ ನೌಕರನ ಉಳಿತಾಯವೇ ಅಂತ ಕಳೆಯುವುದಿಲ್ಲ. 2024ರಲ್ಲಿ ನಮ್ಮ ಹೈಕೋರ್ಟ್ ಒಂದು ಕೇಸಿನಲ್ಲಿ ತೆರಿಗೆ ಬಿಟ್ಟು ಪಿಎಫ್, ಎಲ್‌ಐಸಿ, ಸಾಲದ ಕಂತು ಇವನ್ನೆಲ್ಲ ಕಳೆದು ಜೀವನಾಂಶ ಲೆಕ್ಕ ಹಾಕಬಾರದು ಅಂದಿದೆ. ಗಂಡನ ಪರವಾಗಿಯೇ ನೋಡಿ ತೆರಿಗೆ, ಎನ್‌ಪಿಎಸ್, ಕೆಜಿಐಡಿ ಮೂರನ್ನೂ ಕಳೆಯೋಣ. ಉಳಿಯುವುದು 53,800. ಅವರು ಹೇಳುವುದಕ್ಕಿಂತ ಎರಡು ಪಟ್ಟು ಜಾಸ್ತಿ, ಅಲ್ವಾ?

ಸಾಲದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ. ಎಲ್ಲ ಸಾಲವೂ ನೆಪ ಅಲ್ಲ. ನೀವಿಬ್ಬರೂ ಒಟ್ಟಿಗಿದ್ದಾಗ ಮನೆ ಕಟ್ಟಲಿಕ್ಕೋ ನಿಮ್ಮ ಹೆರಿಗೆ ಖರ್ಚಿಗೋ ಮಾಡಿದ ಸಾಲವಿದ್ದರೆ ನ್ಯಾಯಾಧೀಶರು ಅದಕ್ಕೆ ಬೆಲೆ ಕೊಡುತ್ತಾರೆ, ಕೊಡಲೂ ಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಸಾಲ ಎಷ್ಟು ಅನ್ನುವುದಲ್ಲ, ಸಾಲ ಯಾವಾಗ ಮಂಜೂರಾಯಿತು, ಆ ಹಣ ಎಲ್ಲಿಗೆ ಹೋಯಿತು ಅನ್ನುವುದು. ನಾನು ನಡೆಸಿದ ಒಂದು ಕೇಸಿನಲ್ಲಿ ಗಂಡ ಭಾರಿ ಕಂತು ತೋರಿಸಿದ್ದರು. ಬ್ಯಾಂಕಿನ ಮಂಜೂರಾತಿ ಪತ್ರ ತರಿಸಿ ನೋಡಿದರೆ, ಕೋರ್ಟ್ ನೋಟಿಸ್ ಅವರ ಕೈ ಸೇರಿದ ಮೂರು ವಾರದ ನಂತರದ ತಾರೀಕು ಅದರ ಮೇಲಿತ್ತು. ಸಾಲದ ಹಣ ಖಾತೆಗೆ ಬಂದ ದಿನವೇ ಅಣ್ಣನ ಖಾತೆಗೆ ವರ್ಗವಾಗಿತ್ತು. ಪಾಟೀ ಸವಾಲಿನಲ್ಲಿ ಆ ಎರಡು ಕಾಗದ ತೋರಿಸಿ 'ಈ ದುಡ್ಡು ಯಾತಕ್ಕೆ ಬೇಕಾಗಿತ್ತು' ಅಂತ ಕೇಳಿದಾಗ ಅವರ ಹತ್ತಿರ ಉತ್ತರ ಇರಲಿಲ್ಲ. ಕೋರ್ಟ್ ಆ ಕಂತನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಈ ಕಾಗದಗಳನ್ನು ನೀವು ಎಲ್ಲಿಂದ ತರುತ್ತೀರಿ? ಅದಕ್ಕೆ 2020ರ ನವೆಂಬರ್‌ನಲ್ಲಿ ಬಂದ ರಜನೀಶ್ ವಿರುದ್ಧ ನೇಹಾ ತೀರ್ಪು ದಾರಿ ಮಾಡಿದೆ. ಜೀವನಾಂಶದ ಎಲ್ಲ ಕೇಸಿನಲ್ಲೂ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಗಂಡ ತಕರಾರಿನ ಜೊತೆ ಆ ಅಫಿಡವಿಟ್ ಹಾಕಲು ಹೆಚ್ಚೆಂದರೆ ನಾಲ್ಕು ವಾರ. ಸುಮ್ಮಸುಮ್ಮನೆ ಮುಂದೂಡುತ್ತಾ ಹೋದರೆ ಅವರ ತಕರಾರನ್ನೇ ತೆಗೆದುಹಾಕುವ ಅಧಿಕಾರ ಕೋರ್ಟಿಗಿದೆ. ಅಫಿಡವಿಟ್‌ನಲ್ಲಿ ಹೇಳಿದ್ದು ಸ್ಲಿಪ್‌ಗೆ ಹೊಂದದಿದ್ದರೆ, ಅವರ ಇಲಾಖೆಯ ವೇತನ ಬಟವಾಡೆ ಅಧಿಕಾರಿಯಿಂದ ಸಂಬಳದ ಪ್ರಮಾಣಪತ್ರ, ಬ್ಯಾಂಕಿನಿಂದ ಸಾಲದ ಕಾಗದ ತರಿಸಿಕೊಡಿ ಅಂತ ನಿಮ್ಮ ವಕೀಲರು ಅರ್ಜಿ ಹಾಕಬಹುದು.

ಇದೇ ನಿಯಮ ನಿಮಗೂ ಅನ್ವಯಿಸುತ್ತದೆ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. 'ಟ್ಯೂಷನ್ ದುಡ್ಡಿನ ಮಾತೇ ಎತ್ತಬೇಡ, ಆದಾಯ ಇಲ್ಲ ಅಂತ ಬರಿ' ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಕೇಳಬೇಡಿ. ಮಕ್ಕಳ ಅಪ್ಪ ಅಮ್ಮಂದಿರು ಫೀಸನ್ನು ಫೋನ್‌ಪೇಯಲ್ಲಿ ಕಳಿಸುತ್ತಾರೆ, ಅದೆಲ್ಲ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಾಲಾಗಿ ಕೂತಿರುತ್ತದೆ. 6 ಸಾವಿರ ಮುಚ್ಚಿಟ್ಟು ಸಿಕ್ಕಿಬಿದ್ದರೆ ನೀವು ಹೇಳಿದ ಬೇರೆ ನಿಜಗಳನ್ನೂ ನ್ಯಾಯಾಧೀಶರು ಅನುಮಾನದಿಂದ ನೋಡುತ್ತಾರೆ. ಸುಳ್ಳು ಪ್ರಮಾಣಕ್ಕೆ ಬೇರೆ ಕ್ರಮವೂ ಆಗಬಹುದು. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. 6 ಸಾವಿರ ದುಡಿಯುವವರಿಗೆ ಜೀವನಾಂಶ ಇಲ್ಲ ಅಂತ ಕಾನೂನು ಎಲ್ಲೂ ಹೇಳುವುದಿಲ್ಲ.

ಬಿ.ಎಡ್. ವಿಷಯವೂ ಹಾಗೇ. ದುಡಿಯುವ ಯೋಗ್ಯತೆ ಇರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ತನ್ನನ್ನು ತಾನು ಸಾಕಿಕೊಳ್ಳಲಾಗದವಳು ಅಂದರೆ ಬೀದಿಗೆ ಬಿದ್ದವಳು ಅಂತ ಅರ್ಥ ಅಲ್ಲ ಅಂತ 2007ರಲ್ಲೂ ಹೇಳಿದೆ. ಆದರೂ 'ಕೆಲಸಕ್ಕೆ ಯಾಕೆ ಪ್ರಯತ್ನ ಮಾಡಲಿಲ್ಲ' ಅಂತ ಪಾಟೀ ಸವಾಲಿನಲ್ಲಿ ಕೇಳೇ ಕೇಳುತ್ತಾರೆ. ಖಾಸಗಿ ಶಾಲೆಗಳಿಗೆ ಅರ್ಜಿ ಹಾಕಿದ್ದರೆ ಅದರ ಪ್ರತಿ ಇಟ್ಟುಕೊಳ್ಳಿ. ಮಗಳು ಚಿಕ್ಕವಳಿದ್ದಾಗ ಗಂಡನ ಮನೆಯವರ ಮಾತಿನಂತೆ ಕೆಲಸ ಬಿಟ್ಟಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿಸಿ. ಮನೆಗೋಸ್ಕರ ಬಿಟ್ಟ ಕೆಲಸವನ್ನು ಕೋರ್ಟ್ ಗಮನಿಸುತ್ತದೆ.

ಈಗ ಖರ್ಚಿನ ಪಟ್ಟಿ. ಇದನ್ನು ಎಷ್ಟೋ ಜನ ಅಸಡ್ಡೆಯಿಂದ ಬರೆಯುತ್ತಾರೆ. ಒಂದೇ ಏಟಿಗೆ 'ತಿಂಗಳಿಗೆ 40 ಸಾವಿರ ಬೇಕು' ಅಂತ ಹಾಕಿಬಿಡುತ್ತಾರೆ. ಅದಕ್ಕೆ ಆಧಾರ ಕೇಳಿದರೆ ಕೊಡಲು ಏನೂ ಇರುವುದಿಲ್ಲ. ನೀವು ಬಿಡಿಸಿ ಬರೆಯಿರಿ, ಮಗಳದ್ದು ಬೇರೆ, ನಿಮ್ಮದು ಬೇರೆ. ಉದಾಹರಣೆಗೆ ಮಗಳಿಗೆ ಶಾಲೆಯ ಫೀಸು ವರ್ಷಕ್ಕೆ 42 ಸಾವಿರ ಅಂದರೆ ತಿಂಗಳಿಗೆ 3,500. ವ್ಯಾನಿಗೆ 1,000, ಪುಸ್ತಕ ಯೂನಿಫಾರಂಗೆ 800, ಊಟ ಹಾಲು ಹಣ್ಣಿಗೆ 4,000, ಔಷಧಿಗೆ 700, ಬಟ್ಟೆ ಮತ್ತೊಂದಕ್ಕೆ 1,000. ಒಟ್ಟು 11 ಸಾವಿರ. ನಿಮಗೆ ಊಟ ದಿನಸಿ 5,000, ಬೇರೆ ಮನೆ ಮಾಡಿದರೆ ಬಾಡಿಗೆ 6,000, ಗ್ಯಾಸ್ ಕರೆಂಟ್ ಫೋನ್ 1,500, ಔಷಧಿ 800, ಓಡಾಟ 700, ಬಟ್ಟೆಬರೆ 1,000. ಒಟ್ಟು 15 ಸಾವಿರ. ಇದರಲ್ಲಿ ನಿಮ್ಮ 6 ಸಾವಿರ ಕಳೆದರೆ 9 ಸಾವಿರ. ಇಬ್ಬರದ್ದೂ ಸೇರಿ 20 ಸಾವಿರ. ತವರಿನಲ್ಲಿದ್ದೀರಿ, ಬಾಡಿಗೆ ಯಾಕೆ ಅಂತ ಅವರು ಕೇಳಬಹುದು. ನಿಮ್ಮನ್ನು ಸಾಕುವ ಹೊಣೆ ನಿಮ್ಮ ಅಪ್ಪನದಲ್ಲ, ಗಂಡನದು ಅನ್ನುವುದೇ ಅದಕ್ಕೆ ಉತ್ತರ. ಆದರೂ ನೀವು ಸದ್ಯಕ್ಕೆ ಬಾಡಿಗೆ ಕಟ್ಟದಿದ್ದರೆ, ಕೇಸ್ ಮುಗಿಯುವ ತನಕ ನಡೆಯುವ ಮಧ್ಯಂತರ ಆದೇಶದಲ್ಲಿ ಅದಕ್ಕೆ ಕತ್ತರಿ ಬೀಳುವ ಸಂಭವ ಉಂಟು.

ಇನ್ನು ಅತ್ತೆ ಮಾವನ ವಿಷಯ. ಮೊತ್ತವನ್ನು ಎಲ್ಲಕ್ಕಿಂತ ಜಾಸ್ತಿ ಅಲುಗಾಡಿಸುವುದು ಇದೇ. ಎಷ್ಟು ಅಂತ ಲೆಕ್ಕದಲ್ಲೇ ತೋರಿಸುತ್ತೇನೆ. ದೆಹಲಿ ಹೈಕೋರ್ಟ್ 2004ರಲ್ಲಿ ಒಂದು ವಿಧಾನ ಹೇಳಿತ್ತು. ಮನೆಯ ಒಟ್ಟು ಆದಾಯ ಕೂಡಿಸಿ, ದುಡಿಯಲು ಹೊರಗೆ ಹೋಗುವವನಿಗೆ ಎರಡು ಪಾಲು, ಉಳಿದ ಪ್ರತಿಯೊಬ್ಬರಿಗೆ ಒಂದೊಂದು ಪಾಲು ಹಂಚುವುದು. ನಮ್ಮ ಕೋರ್ಟುಗಳು ಇದನ್ನು ಪಾಲಿಸಲೇಬೇಕು ಅಂತಿಲ್ಲ, ಆದರೆ ತಾಳೆ ನೋಡಲು ಒಳ್ಳೆಯದು. ಗಂಡನ 53,800, ನಿಮ್ಮ 6,000 ಸೇರಿ 59,800. ಅತ್ತೆ ಮಾವ ಅವರ ಆಶ್ರಯದಲ್ಲಿಲ್ಲ ಅಂದುಕೊಳ್ಳಿ. ಗಂಡನಿಗೆ ಎರಡು, ನಿಮಗೊಂದು, ಮಗಳಿಗೊಂದು, ಒಟ್ಟು ನಾಲ್ಕು ಪಾಲು. ನಿಮ್ಮಿಬ್ಬರ ಪಾಲು 29,900, ಅದರಲ್ಲಿ ನಿಮ್ಮ ಆದಾಯ ಕಳೆದರೆ 23,900. ಅತ್ತೆ ಮಾವ ಇಬ್ಬರೂ ಪೂರ್ತಿ ಅವರ ಮೇಲೇ ಇದ್ದಾರೆ ಅಂದುಕೊಂಡರೆ ಆರು ಪಾಲು. ಆಗ ನಿಮಗೆ ಬರುವುದು ಸುಮಾರು 13,900. ತಿಂಗಳಿಗೆ 10 ಸಾವಿರದ ವ್ಯತ್ಯಾಸ. ಅವರ ವಕೀಲರು ಈ ವಾದವನ್ನು ಯಾಕೆ ಬಿಡುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ತಂದೆ ತಾಯಿಯನ್ನು ನೋಡಿಕೊಳ್ಳುವುದು ಮಗನ ಕಾನೂನುಬದ್ಧ ಹೊಣೆ ಹೌದು. ನಿಮಗೆ ಜೀವನಾಂಶ ಕೊಡಿಸುವ ಸೆಕ್ಷನ್ನೇ ತಂದೆ ತಾಯಿಗೂ ಕೊಡಿಸುತ್ತದೆ. ಆದರೆ ಅದಕ್ಕೆ ಒಂದು ಷರತ್ತು ಇದೆ: ಅವರು ತಮ್ಮನ್ನು ತಾವು ಸಾಕಿಕೊಳ್ಳಲು ಆಗದವರಾಗಿರಬೇಕು. ಎರಡು ಎಕರೆ ಫಲ ಕೊಡುವ ಅಡಿಕೆ ತೋಟ ಸ್ವಂತ ಹೆಸರಲ್ಲಿರುವ ನಿಮ್ಮ ಮಾವ ಆ ಸಾಲಿಗೆ ಬರುವುದು ಕಷ್ಟ. ಪಹಣಿ ತೆಗೆಸಿ, ಭೂಮಿ ಕೇಂದ್ರದಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಯಾರ ಹೆಸರು, ಎಷ್ಟು ಗುಂಟೆ, ಬೆಳೆ ಕಾಲಂನಲ್ಲಿ ಅಡಿಕೆ ಇದೆಯೇ ನೋಡಿ. ಪಹಣಿ ಇಳುವರಿ ಹೇಳುವುದಿಲ್ಲ. ತೋಟವನ್ನು ಖೇಣಿಗೆ ಕೊಡುತ್ತಾರೋ, ಅಡಿಕೆ ಬೇಯಿಸಿ ಒಣಗಿಸಿ ಸೊಸೈಟಿಗೆ ಹಾಕುತ್ತಾರೋ ನಿಮಗೇ ಗೊತ್ತಿರುತ್ತದೆ. ಸೊಸೈಟಿಗೆ ಹಾಕಿದರೆ ಪಟ್ಟಿ ಇರುತ್ತದೆ, ಅದನ್ನು ಕೋರ್ಟ್ ಮೂಲಕ ತರಿಸಬಹುದು. ಖೇಣಿ ದುಡ್ಡು ನಗದಾಗಿ ಬಂದರೆ ಸಾಬೀತು ಮಾಡುವುದು ಕಷ್ಟ. ಆಗ ಖೇಣಿ ಹಿಡಿದವರನ್ನೇ ಸಾಕ್ಷಿಗೆ ಕರೆಸಬೇಕಾಗುತ್ತದೆ. ಒಂದು ಮಾತು ನೆನಪಿರಲಿ, ಮಾವನ ತೋಟದ ಆದಾಯ ನಿಮ್ಮ ಗಂಡನ ಆದಾಯ ಅಲ್ಲ. ಅದನ್ನು ಸೇರಿಸಿ ಕೇಳಬೇಡಿ. ಮಾವ ಮಗನ ಸಂಬಳವನ್ನೇ ನಂಬಿ ಕೂತಿಲ್ಲ ಅಂತ ತೋರಿಸುವುದಕ್ಕಷ್ಟೇ ಅದು. ತೋಟ ಪಿತ್ರಾರ್ಜಿತವಾಗಿದ್ದರೆ ಗಂಡನ ಪಾಲಿನ ಪ್ರಶ್ನೆ ಬರಬಹುದು, ಹಾಗಾಗಿ ಹಳೆಯ ಮ್ಯುಟೇಶನ್ ಕೂಡ ತೆಗೆಸಿಡಿ.

ಎರಡನೆಯದು, ಹೊಣೆ ಒಬ್ಬ ಮಗನದ್ದಲ್ಲ. ಮೈದುನನೂ ಹೊರಬೇಕು. ಮದುವೆಯಾದ ಮಗಳೂ ತಂದೆ ತಾಯಿಗೆ ಜೀವನಾಂಶ ಕೊಡಬೇಕಾಗುತ್ತದೆ ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ, ಆದ್ದರಿಂದ ಟೀಚರ್ ಆಗಿರುವ ನಾದಿನಿಯೂ ಲೆಕ್ಕಕ್ಕೆ ಬರುತ್ತಾರೆ. ಮೂವರಲ್ಲಿ ಹಂಚಿದರೆ ನಿಮ್ಮ ಗಂಡನ ಮೇಲೆ ಬೀಳುವುದು ಒಂದು ಭಾಗ ಅಷ್ಟೇ.

ಇಲ್ಲೊಂದು ತಂತ್ರದ ಬಗ್ಗೆ ಎಚ್ಚರಿಸುತ್ತೇನೆ. ಹೆಂಡತಿಯ ಅರ್ಜಿ ಬಿದ್ದ ಕೂಡಲೇ ತಂದೆ ತಾಯಿಯಿಂದ ಮಗನ ಮೇಲೆ ಉಪವಿಭಾಗಾಧಿಕಾರಿಗಳ ಮುಂದೆ 2007ರ ಹಿರಿಯ ನಾಗರಿಕರ ಕಾಯ್ದೆ ಕೆಳಗೆ ಅರ್ಜಿ ಹಾಕಿಸುವುದುಂಟು. ಮಗ ತಕರಾರು ಮಾಡದೆ ಒಪ್ಪಿಕೊಳ್ಳುತ್ತಾನೆ. ಆ ಕಾಯ್ದೆಯಲ್ಲಿ ತಿಂಗಳಿಗೆ 10 ಸಾವಿರದವರೆಗೆ ಆದೇಶ ಮಾಡಬಹುದು. ಆಮೇಲೆ ಆ ಆದೇಶವನ್ನು ಫ್ಯಾಮಿಲಿ ಕೋರ್ಟಿನಲ್ಲಿ ತೋರಿಸಿ 'ನನ್ನ ಮೇಲೆ ಈ ಹೊರೆ ಇದೆ' ಅನ್ನುತ್ತಾರೆ. ಅರ್ಜಿ ಹಾಕಿದ ತಾರೀಕು ಯಾವುದು, ಇನ್ನೊಬ್ಬ ಮಗ ಮತ್ತು ಮಗಳನ್ನು ಯಾಕೆ ಪಾರ್ಟಿ ಮಾಡಲಿಲ್ಲ, ದುಡ್ಡು ನಿಜಕ್ಕೂ ತಾಯಿಯ ಖಾತೆಗೆ ಹೋಗುತ್ತಿದೆಯೇ, ಹೋದದ್ದು ವಾಪಸ್ ಬರುತ್ತಿದೆಯೇ ಅಂತ ಕೇಳಿದರೆ ಅದರ ಬಣ್ಣ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಅತ್ತೆಗೆ ನಿಜವಾಗಿ ಕಾಯಿಲೆ ಇದ್ದು ಮಗನೇ ಔಷಧಿ ಕೊಡಿಸುತ್ತಿದ್ದರೆ ಅದನ್ನು ಅಲ್ಲಗಳೆಯಬೇಡಿ. 'ಅತ್ತೆಯ ಔಷಧಿ ಖರ್ಚಿಗೆ ನನ್ನ ತಕರಾರಿಲ್ಲ, ಮೂವರು ಮಕ್ಕಳೂ ಹಂಚಿಕೊಳ್ಳಲಿ' ಅಂತ ಹೇಳಿ. ಸಾಕ್ಷಿ ಕಟ್ಟೆಯಲ್ಲಿ ಇಂಥ ನೇರ ಮಾತು ನ್ಯಾಯಾಧೀಶರ ಮನಸ್ಸಿಗೆ ತಾಗುತ್ತದೆ. ಅದು ನ್ಯಾಯವೂ ಹೌದು, ಆ ತಾಯಿಗೂ ಬದುಕಿನ ಹಕ್ಕಿದೆ.

ಹಾಗಾದರೆ ಎಷ್ಟು ಸಿಗಬಹುದು? ಮೇಲಿನ ಅಂಕಿಗಳು ಸರಿ ಅಂತಾದರೆ, ನನ್ನ ಅನುಭವದಲ್ಲಿ ಮಧ್ಯಂತರ ಜೀವನಾಂಶ ಇಬ್ಬರಿಗೂ ಸೇರಿ 12ರಿಂದ 15 ಸಾವಿರ, ಕೊನೆಯ ಆದೇಶದಲ್ಲಿ 16ರಿಂದ 20 ಸಾವಿರದ ಆಸುಪಾಸು. ಇದು ನನ್ನ ಅಂದಾಜು ಮಾತ್ರ. ನ್ಯಾಯಾಧೀಶರಿಂದ ನ್ಯಾಯಾಧೀಶರಿಗೆ ಎರಡು ಮೂರು ಸಾವಿರ ಹೆಚ್ಚು ಕಮ್ಮಿ ಆಗುತ್ತದೆ. ಮಗಳ ಮೊತ್ತವನ್ನು ಬೇರೆಯಾಗಿಯೇ ಕೇಳಿ. ನಾಳೆ ನಿಮಗೆ ಕೆಲಸ ಸಿಕ್ಕಿ ನಿಮ್ಮ ಭಾಗ ಕಡಿಮೆಯಾದರೂ ಮಗಳದ್ದು ಹಾಗೇ ಉಳಿಯುತ್ತದೆ. ನಿಮಗೆ ಜೀವನಾಂಶ ಕೊಡಿಸುವ ಸೆಕ್ಷನ್ ಕೆಳಗೆ ಮಗಳಿಗೆ 18 ತುಂಬುವವರೆಗೆ ಸಿಗುತ್ತದೆ. ಆಮೇಲೂ ಮದುವೆಯಾಗದೆ, ಸ್ವಂತ ಆದಾಯ ಇಲ್ಲದೆ ಇದ್ದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ತಂದೆಯಿಂದ ಕೇಳುವ ಹಕ್ಕು ಅವಳಿಗಿದೆ. ಸಂಬಳ ಏರಿದಾಗ, ಶಾಲೆಯ ಖರ್ಚು ಜಾಸ್ತಿಯಾದಾಗ ಮೊತ್ತ ಹೆಚ್ಚಿಸಿ ಅಂತ ಮತ್ತೆ ಅರ್ಜಿ ಹಾಕಬಹುದು. ಪರಿಸ್ಥಿತಿ ಬದಲಾಯಿತು ಅಂತ ಗಂಡನೂ ಇಳಿಸಲು ಕೇಳಬಹುದು.

ಎಲ್ಲಿ ಹಾಕುವುದು ಅನ್ನುವುದಕ್ಕೆ ಎರಡು ದಾರಿ. ಒಂದು, ನಾನು ಇಲ್ಲಿಯವರೆಗೆ ಹೇಳಿದ ಜೀವನಾಂಶದ ಸೆಕ್ಷನ್: ಹಿಂದಿನ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯಲ್ಲಿ 125, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ 144. ನೀವು ವಾಸ ಇರುವ ಊರಲ್ಲೇ ಹಾಕಬಹುದು, ಹಾಗಾಗಿ ದಾವಣಗೆರೆಯ ಫ್ಯಾಮಿಲಿ ಕೋರ್ಟ್ ಸಾಕು, ಚಿತ್ರದುರ್ಗಕ್ಕೆ ಅಲೆಯಬೇಕಿಲ್ಲ. ಇನ್ನೊಂದು, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೆಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಇದರಲ್ಲಿ ಜೀವನಾಂಶದ ಜೊತೆ ರಕ್ಷಣೆ, ವಾಸದ ಹಕ್ಕನ್ನೂ ಕೇಳಬಹುದು. ಸಂಬಳದಿಂದ ನೇರವಾಗಿ ಕೊಡಿ ಅಂತ ಗಂಡನ ಕಚೇರಿಗೇ ಆದೇಶ ಮಾಡಿಸಲು ಕಾಯ್ದೆಯಲ್ಲೇ ಅವಕಾಶ ಇದೆ. ಸರ್ಕಾರಿ ನೌಕರನ ವಿಷಯದಲ್ಲಿ ಅದು ದೊಡ್ಡ ಅನುಕೂಲ. ಆದರೆ ಹೊಡೆತದ ಆರೋಪವನ್ನು ಅಲ್ಲಿ ಸಾಬೀತು ಮಾಡಬೇಕು, ರಾಜಿಯ ಬಾಗಿಲು ಸ್ವಲ್ಪ ಬಿಗಿಯಾಗುತ್ತದೆ. ಎರಡನ್ನೂ ಹಾಕಬಹುದು, ತಪ್ಪಲ್ಲ. ಆದರೆ ಒಂದರಲ್ಲಿ ಆದೇಶವಾಗಿದ್ದನ್ನು ಇನ್ನೊಂದರಲ್ಲಿ ಹೇಳಲೇಬೇಕು, ಎರಡು ಕಡೆಯಿಂದ ಪೂರ್ತಿ ಪೂರ್ತಿ ಸಿಗುವುದಿಲ್ಲ, ಹೊಂದಿಸುತ್ತಾರೆ. ನಿಮ್ಮ ಜಾಗದಲ್ಲಿ ನನ್ನ ಮಗಳೇ ಇದ್ದಿದ್ದರೆ ನಾನು ಮೊದಲು ಫ್ಯಾಮಿಲಿ ಕೋರ್ಟಿಗೆ ಹಾಕಿ, ಗಂಡ ದುಡ್ಡು ಕೊಡದೆ ಸತಾಯಿಸಿದರೆ ಆಮೇಲೆ ಎರಡನೆಯದನ್ನು ಯೋಚಿಸು ಅನ್ನುತ್ತಿದ್ದೆ.

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಇನ್ನು ತಡ ಮಾಡಬೇಡಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಜೀವನಾಂಶ ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದಿಂದ. ಕೇಸ್ ಎರಡು ವರ್ಷ ಎಳೆದರೂ ಆದೇಶವಾದಾಗ ಆ ಎರಡು ವರ್ಷದ ಬಾಕಿ ಸಿಗುತ್ತದೆ. ಆದರೆ ಅರ್ಜಿ ಹಾಕುವ ಮುಂಚೆ ಕಳೆದ ಒಂದೂವರೆ ವರ್ಷದ್ದು 144ನೇ ಸೆಕ್ಷನ್‌ನಲ್ಲಿ ಬರುವುದಿಲ್ಲ. ಮಧ್ಯಂತರ ಅರ್ಜಿಯನ್ನು ಗಂಡನಿಗೆ ನೋಟಿಸ್ ಮುಟ್ಟಿದ 60 ದಿನದೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಕಾನೂನಿದೆ. ಕೆಲಸದ ಒತ್ತಡದಲ್ಲಿ ಅದು ನಾಲ್ಕೈದು ತಿಂಗಳಾಗುವುದೂ ಉಂಟು. ಅದಕ್ಕೇ ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಅರ್ಜಿ ಮತ್ತು ನಿಮ್ಮ ಅಫಿಡವಿಟ್ ಮೂರನ್ನೂ ಒಂದೇ ದಿನ ಹಾಕಿಸಿ.

ಕೊನೆಯ ಪ್ರಶ್ನೆ, ಆದೇಶವಾದರೂ ಕೊಡದಿದ್ದರೆ. ಬಾಕಿ ವಸೂಲಿಗೆ ಅರ್ಜಿ ಹಾಕಬೇಕು. ಕೋರ್ಟ್ ವಾರಂಟ್ ಹೊರಡಿಸುತ್ತದೆ, ಸಂಬಳ ಜಪ್ತಿ ಮಾಡಿಸಬಹುದು. ಆಗಲೂ ಕಟ್ಟದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರುವುದಿಲ್ಲ, ಅದು ಹಾಗೇ ಇರುತ್ತದೆ. ದಾವಣಗೆರೆಯ ಆದೇಶವನ್ನು ಅವರು ಇರುವ ಚಿತ್ರದುರ್ಗದಲ್ಲೂ ಜಾರಿ ಮಾಡಿಸಬಹುದು. ಜಾಸ್ತಿ ಜನ ಎಡವುವುದು ಅವಧಿಯಲ್ಲಿ. ಬಾಕಿ ಯಾವ ದಿನ ಕೊಡಬೇಕಿತ್ತೋ ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. 'ಆಮೇಲೆ ಒಟ್ಟಿಗೆ ಕೇಳೋಣ' ಅಂತ ಎರಡು ವರ್ಷ ಕಾದರೆ ಹಳೆಯ ತಿಂಗಳುಗಳಿಗೆ ವಾರಂಟ್ ಸಿಗುವುದಿಲ್ಲ. ಹಣ ನಿಮ್ಮ ಖಾತೆಗೇ ಬರಲಿ ಅಂತ ಆದೇಶದಲ್ಲಿ ಬರೆಸಿ, 'ಕೈಗೆ ಕೊಟ್ಟೆ' ಅನ್ನುವ ತಕರಾರು ತಪ್ಪುತ್ತದೆ. ಮೂರು ತಿಂಗಳ ಕಂತು ತಪ್ಪಿದ ಕೂಡಲೇ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ವಸೂಲಿ ಅರ್ಜಿಗೆ ನಿಮ್ಮ ವಕೀಲರ ಹತ್ತಿರ ಹೋಗಿ.